ಹತ್ತು ಹೈಡ್ರೋಜನ್‌ಗಳಲ್ಲಿ ಒಂದು

ಮನೆಯ ಹೊಸ ಫ್ರಿಜ್‌ನ ಹಿಂಬದಿ ಅಥವಾ ಒಳಬದಿಯ ಚೀಟಿಯನ್ನು ಓದಿದರೆ, ಬಹಳಷ್ಟು ಮಾದರಿಗಳಲ್ಲಿ R600a ಎಂಬ ಗುರುತು ಸಿಗುತ್ತದೆ. ತಂಪು ಮಾಡುವ ಕೊಳವೆಗಳಲ್ಲಿ ಸುತ್ತುವ ಅನಿಲದ ಸಂಕೇತ ಅದು. ಆ ಅನಿಲದ ಹೆಸರು ಐಸೊಬ್ಯೂಟೇನ್. ಅಡುಗೆ ಅನಿಲದ ಸಿಲಿಂಡರಿನಲ್ಲೂ ಇದು ಒಂದಿಷ್ಟು ಇರುತ್ತದೆ. ಇಂಗಾಲ ಮತ್ತು ಹೈಡ್ರೋಜನ್ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಹೀಗೆ ಒಂಟಿ ಬಂಧಗಳಿಂದಲೇ ಕಟ್ಟಿದ ಅಣುಗಳನ್ನು ರಸಾಯನಶಾಸ್ತ್ರದಲ್ಲಿ ಆಲ್ಕೇನ್‌ಗಳು ಎನ್ನುತ್ತಾರೆ. ಆಮ್ಲ, ಕ್ಷಾರ ಯಾವುದಕ್ಕೂ ಇವು ಸುಲಭವಾಗಿ ಮಣಿಯುವುದಿಲ್ಲ. ಹಾಗಿದ್ದರೂ ಬೆಳಕಿನಲ್ಲಿ ಕ್ಲೋರಿನ್ ಅಥವಾ ಬ್ರೋಮಿನ್ ಜೊತೆ ಸೇರಿದರೆ ತಮ್ಮ ಹೈಡ್ರೋಜನ್ ಒಂದನ್ನು ಬಿಟ್ಟುಕೊಡುತ್ತವೆ.

ಯಾವ ಹೈಡ್ರೋಜನ್ ಹೋಗುತ್ತದೆ ಎಂಬುದರಲ್ಲೇ ಈ ಎರಡು ಧಾತುಗಳ ಸ್ವಭಾವ ಬೇರೆಬೇರೆಯಾಗುತ್ತದೆ. ಐಸೊಬ್ಯೂಟೇನಿನ ನಡುವೆ ಒಂದು ಇಂಗಾಲವಿದೆ, ಅದಕ್ಕೆ ಇನ್ನು ಮೂರು ಇಂಗಾಲಗಳು ಅಂಟಿಕೊಂಡಿವೆ. ಹೊರಗಿನ ಮೂರರಲ್ಲಿ ಒಂದೊಂದಕ್ಕೂ ಮೂರು ಹೈಡ್ರೋಜನ್, ಅಂದರೆ ಒಟ್ಟು ಒಂಬತ್ತು. ನಡುವಿನ ಇಂಗಾಲಕ್ಕೆ ಒಂದೇ ಒಂದು. ಇನ್ನೊಂದೇ ಇಂಗಾಲದ ನೆರೆ ಇರುವ ಇಂಗಾಲದ ಹೈಡ್ರೋಜನ್ ಪ್ರಾಥಮಿಕ, ಮೂರು ಇಂಗಾಲಗಳ ನೆರೆ ಇರುವುದರ ಹೈಡ್ರೋಜನ್ ತೃತೀಯಕ. ಎರಡು ನೆರೆ ಇದ್ದರೆ ದ್ವಿತೀಯಕ, ಆದರೆ ಆ ಬಗೆಯದು ಈ ಅಣುವಿನಲ್ಲಿ ಇಲ್ಲ. ಹತ್ತು ಹೈಡ್ರೋಜನ್‌ಗಳಲ್ಲಿ ಒಂಬತ್ತು ಒಂದು ಬಗೆ, ಹತ್ತನೆಯದು ಇನ್ನೊಂದು ಬಗೆ.

ಕೋಣೆಯ ತಾಪದಲ್ಲಿ, ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳಕು ಬಿಟ್ಟು ಕ್ಲೋರಿನ್ ಸೇರಿಸಿದರೆ ಎರಡು ಪದಾರ್ಥಗಳ ಮಿಶ್ರಣ ಬರುತ್ತದೆ. ತುದಿಯಲ್ಲಿ ಕ್ಲೋರಿನ್ ಕುಳಿತ ಐಸೊಬ್ಯೂಟೈಲ್ ಕ್ಲೋರೈಡ್ ಶೇ. 64ರ ಆಸುಪಾಸು, ನಡುವೆ ಕುಳಿತ ಟರ್ಷಿಯರಿ ಬ್ಯೂಟೈಲ್ ಕ್ಲೋರೈಡ್ ಶೇ. 36ರ ಆಸುಪಾಸು. ಕ್ಲೋರಿನ್ ಬದಲು ಬ್ರೋಮಿನ್ ತೆಗೆದುಕೊಂಡು 127 ಡಿಗ್ರಿಯಲ್ಲಿ ಅದೇ ಕೆಲಸ ಮಾಡಿದರೆ ಶೇ. 99ಕ್ಕೂ ಹೆಚ್ಚು ಪಾಲು ನಡುವಿನ ಸ್ಥಾನದ ಬ್ರೋಮೈಡ್ ಆಗಿರುತ್ತದೆ. ಒಂಬತ್ತನ್ನು ಬಿಟ್ಟು ಒಂದನ್ನೇ ಬ್ರೋಮಿನ್ ಹುಡುಕಿ ತೆಗೆಯುತ್ತದೆ. ಆವರ್ತಕೋಷ್ಟಕದಲ್ಲಿ ಒಂದರ ಕೆಳಗೊಂದು ಕುಳಿತ ಈ ಎರಡು ಧಾತುಗಳ ನಡುವೆ ಇಷ್ಟು ಅಂತರ ಎಲ್ಲಿಂದ ಬಂತು?

ಮೊದಲು ಕ್ರಿಯೆ ನಡೆಯುವ ಬಗೆಯನ್ನು ನೋಡಬೇಕು. ಕ್ಲೋರಿನ್ ಅಣುವಿನಲ್ಲಿ ಎರಡು ಪರಮಾಣುಗಳು ಜೋಡಿಯಾಗಿವೆ. ಬೆಳಕು ಬಿದ್ದಾಗ ಆ ಜೋಡಿ ಒಡೆದು ಎರಡು ಒಂಟಿ ಪರಮಾಣುಗಳಾಗುತ್ತವೆ. ಪ್ರತಿಯೊಂದರಲ್ಲೂ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಉಳಿದಿರುತ್ತದೆ. ಇಂಥ ಕಣವೇ ಮುಕ್ತ ರಾಡಿಕಲ್. ಜೊತೆಯನ್ನು ಹುಡುಕುವ ಈ ಪರಮಾಣು ಆಲ್ಕೇನಿನ ಒಂದು ಹೈಡ್ರೋಜನ್ ಅನ್ನು ಕಿತ್ತುಕೊಂಡು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಹೈಡ್ರೋಜನ್ ಕಳೆದುಕೊಂಡ ಇಂಗಾಲ ಈಗ ತಾನೇ ರಾಡಿಕಲ್. ಅದು ಇನ್ನೊಂದು ಕ್ಲೋರಿನ್ ಅಣುವನ್ನು ತಾಗಿ ಒಂದು ಪರಮಾಣುವನ್ನು ತನ್ನದಾಗಿಸಿಕೊಳ್ಳುತ್ತದೆ. ಉಳಿದ ಮತ್ತೊಂದು ಪರಮಾಣು ಮುಂದಿನ ಅಣುವಿನತ್ತ ಹೊರಡುತ್ತದೆ. ಹೀಗೆ ಒಮ್ಮೆ ಬೆಳಕು ಒಡೆದ ಒಂದು ಜೋಡಿಯಿಂದ ಸಾವಿರಾರು ಸುತ್ತುಗಳ ಸರಪಳಿ ನಡೆಯಬಹುದು. ಎರಡು ರಾಡಿಕಲ್‌ಗಳು ಎದುರುಬದುರಾಗಿ ಕೂಡಿಕೊಂಡಾಗ ಮಾತ್ರ ಆ ಸರಪಳಿ ನಿಲ್ಲುತ್ತದೆ. ಬ್ರೋಮಿನ್ ಕಥೆಯೂ ಹೆಜ್ಜೆ ಹೆಜ್ಜೆಗೆ ಇದೇ.

ಹಾಗಾದರೆ ಯಾವ ಪದಾರ್ಥ ಬರಬೇಕೆಂದು ತೀರ್ಮಾನವಾಗುವುದು ಹೈಡ್ರೋಜನ್ ಕೀಳುವ ಹೆಜ್ಜೆಯಲ್ಲಿ. ಇದನ್ನು ಸುಮ್ಮನೆ ಒಪ್ಪಿಕೊಳ್ಳಬೇಕಾಗಿಲ್ಲ. ಕಿತ್ತ ಜಾಗ ಒಂದಾದರೂ, ರಾಡಿಕಲ್ ಆಮೇಲೆ ತನ್ನೊಳಗೇ ಹೈಡ್ರೋಜನ್ ಅನ್ನು ಸರಿಸಿಕೊಂಡು ಇನ್ನೊಂದು ರೂಪಕ್ಕೆ ಬದಲಾಗಬಹುದಲ್ಲವೇ ಎಂಬ ಸಂಶಯಕ್ಕೆ ಜಾಗವಿತ್ತು. ಅಮೆರಿಕದ ಎಚ್. ಸಿ. ಬ್ರೌನ್ ಮತ್ತು ಗ್ಲೆನ್ ರಸೆಲ್ 1952ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಂಶಯವನ್ನು ಸೊಗಸಾಗಿ ಬಗೆಹರಿಸಿತು. ಐಸೊಬ್ಯೂಟೇನಿನ ನಡುವಿನ ಒಂಟಿ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಮ್ ಅನ್ನು ಕೂರಿಸಿದ ಅಣುವನ್ನು ಅವರು ತೆಗೆದುಕೊಂಡರು. ಕ್ಲೋರಿನ್ ನಡುವಿನಿಂದ ಕಿತ್ತರೆ ಡ್ಯೂಟೀರಿಯಮ್ ಕ್ಲೋರೈಡ್ ಬರಬೇಕು, ತುದಿಯಿಂದ ಕಿತ್ತರೆ ಸಾಧಾರಣ ಹೈಡ್ರೋಜನ್ ಕ್ಲೋರೈಡ್. ಈ ಎರಡು ಅನಿಲಗಳ ಪ್ರಮಾಣವೂ ಕೊನೆಗೆ ಸಿಕ್ಕ ಎರಡು ಕ್ಲೋರೈಡ್‌ಗಳ ಪ್ರಮಾಣವೂ ಒಂದಕ್ಕೊಂದು ತಾಳೆಯಾದವು. ಎಲ್ಲಿ ಹೈಡ್ರೋಜನ್ ಹೋಯಿತೋ ಅಲ್ಲೇ ಕ್ಲೋರಿನ್ ಬಂದು ಕುಳಿತಿದೆ, ನಡುವೆ ಯಾವ ಅದಲುಬದಲೂ ನಡೆದಿಲ್ಲ. ಇದಾದ ಮೇಲೆ ಕ್ಲೋರಿನ್–ಬ್ರೋಮಿನ್ ವ್ಯತ್ಯಾಸವನ್ನು ಆ ಒಂದೇ ಹೆಜ್ಜೆಯಲ್ಲಿ ನಂಬಿಕೆಯಿಂದ ಹುಡುಕಬಹುದು.

ಶೇ. 64 ಮತ್ತು 36 ಎಂಬ ಅಂಕಿಗಳನ್ನು ನೋಡಿ ಕ್ಲೋರಿನ್‌ಗೆ ತುದಿಯ ಹೈಡ್ರೋಜನ್ನೇ ಹೆಚ್ಚು ಇಷ್ಟ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಲೆಕ್ಕ ಹಾಗಲ್ಲ. ತುದಿಯಲ್ಲಿ ಒಂಬತ್ತು ಹೈಡ್ರೋಜನ್‌ಗಳಿವೆ; 64ನ್ನು ಒಂಬತ್ತರಿಂದ ಭಾಗಿಸಿದರೆ ಒಂದೊಂದಕ್ಕೆ ಏಳು ಚಿಲ್ಲರೆ ಬರುತ್ತದೆ. ನಡುವಿನ ಒಂದೇ ಹೈಡ್ರೋಜನ್‌ಗೆ ಪೂರ್ತಿ 36. ಅಂದರೆ ತಲಾವಾರು ನೋಡಿದರೆ ಕ್ಲೋರಿನ್ ಕೂಡ ತೃತೀಯಕ ಹೈಡ್ರೋಜನ್ ಅನ್ನು ಐದು ಪಟ್ಟು ಬೇಗ ಕೀಳುತ್ತದೆ. ಅದರ ಒಲವೂ ನಡುವಿನ ಕಡೆಗೇ ಇದೆ, ಆದರೆ ಒಂಬತ್ತರ ಸಂಖ್ಯಾಬಲದ ಮುಂದೆ ಐದು ಪಟ್ಟಿನ ಒಲವು ಸಾಲದಾಗಿದೆ. ಬ್ರೋಮಿನ್‌ನ ತಲಾವಾರು ಒಲವು 127 ಡಿಗ್ರಿಯಲ್ಲಿ ಸುಮಾರು 1600 ಪಟ್ಟು. ಅದರೆದುರು ಒಂಬತ್ತು ಎಂಬ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ವಾಲಿವೆ. ಒಂದು ಐದು ಪಟ್ಟು, ಇನ್ನೊಂದು 1600 ಪಟ್ಟು. ವಿವರಿಸಬೇಕಾದದ್ದು ಈ ಐದು ಮತ್ತು 1600ರ ನಡುವಿನ ಅಂತರವನ್ನು.

ಬ್ರೋಮಿನ್ ಪರಮಾಣು ದೊಡ್ಡದು, ಅದಕ್ಕೇ ಎಲ್ಲೆಂದರಲ್ಲಿ ನುಗ್ಗಲಾರದು ಎಂಬ ಉತ್ತರ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ತಪ್ಪು ಮಾತ್ರವಲ್ಲ, ತಿರುಗುಮುರುಗು. ತುದಿಯ ಹೈಡ್ರೋಜನ್‌ಗಳು ಹೊರಗೆ ಚಾಚಿಕೊಂಡಿವೆ, ಸುಲಭವಾಗಿ ಕೈಗೆ ಸಿಗುತ್ತವೆ. ನಡುವಿನದು ಮೂರು ಇಂಗಾಲಗಳ ಗುಂಪಿನ ನಡುವೆ ಸಿಕ್ಕಿಕೊಂಡಿದೆ. ಗಾತ್ರವೇ ಕಾರಣವಾಗಿದ್ದರೆ ದೊಡ್ಡ ಬ್ರೋಮಿನ್ ತುದಿಗೇ ಹೋಗಬೇಕಿತ್ತು. ಅದು ಹೋಗುವುದು ಇಕ್ಕಟ್ಟಿನ ಜಾಗಕ್ಕೆ.

ಬ್ರೋಮಿನ್ ನಿಧಾನ, ನಿಧಾನವಾದದ್ದು ಆಯ್ದುಕೊಳ್ಳುತ್ತದೆ ಎಂಬ ಇನ್ನೊಂದು ಉತ್ತರ ಅರ್ಧ ಸರಿ. ಬ್ರೋಮಿನ್ ನಿಧಾನ ಎಂಬುದು ನಿಜ. ಆದರೆ ನಿಧಾನವೇ ಆಯ್ಕೆಗೆ ಕಾರಣ ಎನ್ನಲು ಬರುವುದಿಲ್ಲ. ಎರಡು ದಾರಿಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾದರೆ ಪದಾರ್ಥಗಳ ಅನುಪಾತ ಒಂದಿಷ್ಟೂ ಬದಲಾಗದು. ಒಂದು ದಾರಿ ಇನ್ನೊಂದಕ್ಕಿಂತ ಏಕೆ ಅಷ್ಟು ಹೆಚ್ಚು ನಿಧಾನವಾಯಿತು ಎಂಬುದೇ ಪ್ರಶ್ನೆ. ನಿಧಾನ ಮತ್ತು ಆಯ್ಕೆ ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಆ ಬೇರು ಬಂಧಗಳ ಶಕ್ತಿಯಲ್ಲಿದೆ.

ರಸಾಯನಶಾಸ್ತ್ರಜ್ಞರು ಒಂದು ಬಂಧವನ್ನು ಒಡೆಯಲು ಬೇಕಾದ ಶಕ್ತಿಯನ್ನು ಒಂದು ಮೋಲ್‌ಗೆ ಇಷ್ಟು ಕಿಲೋಜೂಲ್ ಎಂದು ಅಳೆಯುತ್ತಾರೆ. ಐಸೊಬ್ಯೂಟೇನಿನ ತುದಿಯ ಇಂಗಾಲ–ಹೈಡ್ರೋಜನ್ ಬಂಧ ಒಡೆಯಲು ಸುಮಾರು 420 ಬೇಕು, ನಡುವಿನದಕ್ಕೆ ಸುಮಾರು 400. ನಡುವಿನ ಬಂಧ 20ರಷ್ಟು ಸಡಿಲ. ಏಕೆಂದರೆ ಅಲ್ಲಿ ಹುಟ್ಟುವ ರಾಡಿಕಲ್‌ಗೆ ಮೂರು ಕಡೆಯಿಂದ ಇಂಗಾಲದ ಗುಂಪುಗಳು ಒಂದಿಷ್ಟು ಎಲೆಕ್ಟ್ರಾನ್ ಆಸರೆ ಕೊಟ್ಟು ಸ್ಥಿರಗೊಳಿಸುತ್ತವೆ. ಇದು ಖರ್ಚಿನ ಭಾಗ. ಹೈಡ್ರೋಜನ್ ಅನ್ನು ಹಿಡಿದುಕೊಂಡ ಮೇಲೆ ಹೊಸ ಬಂಧದಿಂದ ಬರುವ ಶಕ್ತಿ ಆದಾಯದ ಭಾಗ. ಹೈಡ್ರೋಜನ್–ಕ್ಲೋರಿನ್ ಬಂಧದಿಂದ 431 ಬರುತ್ತದೆ, ಹೈಡ್ರೋಜನ್–ಬ್ರೋಮಿನ್ ಬಂಧದಿಂದ ಬರುವುದು 366 ಮಾತ್ರ.

ಈಗ ಕೂಡಿ ಕಳೆದು ನೋಡಬಹುದು. ಕ್ಲೋರಿನ್ ತುದಿಯಿಂದ ಕಿತ್ತರೆ 420 ಖರ್ಚು, 431 ಬರವು, 11ರ ಉಳಿತಾಯ. ನಡುವಿನಿಂದ ಕಿತ್ತರೆ 31ರ ಉಳಿತಾಯ. ಎರಡೂ ಲಾಭದ ವ್ಯವಹಾರವೇ. ಬ್ರೋಮಿನ್ ತುದಿಯಿಂದ ಕಿತ್ತರೆ 420 ಖರ್ಚು, 366 ಬರವು, 54ರ ಕೊರತೆ. ನಡುವಿನಿಂದ ಕಿತ್ತರೂ 34ರ ಕೊರತೆ. ಕ್ಲೋರಿನ್‌ನ ಹೆಜ್ಜೆ ಶಾಖವನ್ನು ಬಿಟ್ಟುಕೊಡುತ್ತದೆ, ಬ್ರೋಮಿನ್‌ನ ಹೆಜ್ಜೆ ಶಾಖವನ್ನು ಹೀರಿಕೊಳ್ಳುತ್ತದೆ. ಆ ಕೊರತೆಯನ್ನು ತುಂಬುವುದು ಮುಂದಿನ ಹೆಜ್ಜೆ. ಇಂಗಾಲದ ರಾಡಿಕಲ್ ಬ್ರೋಮಿನ್ ಅಣುವಿನ ಜೊತೆ ಸೇರುವಾಗ ಸಾಕಷ್ಟು ಶಕ್ತಿ ಬಿಡುಗಡೆಯಾಗಿ ಒಟ್ಟು ಕ್ರಿಯೆ ಮುಂದಕ್ಕೆ ಸಾಗುತ್ತದೆ.

ಇಲ್ಲಿ ಒಂದು ಅಂಶವನ್ನು ನಿಂತು ಗಮನಿಸಬೇಕು. ಕ್ಲೋರಿನ್‌ಗೆ 11 ಮತ್ತು 31, ನಡುವಿನ ಅಂತರ 20. ಬ್ರೋಮಿನ್‌ಗೆ 54 ಮತ್ತು 34, ಅಂತರ ಮತ್ತೆ 20. ಅಂತರ ಎರಡಕ್ಕೂ ಒಂದೇ! ಅದು ಆಗಲೇಬೇಕು, ಏಕೆಂದರೆ 20 ಎಂಬುದು ಐಸೊಬ್ಯೂಟೇನಿನ ಗುಣ, ಕೀಳಲು ಬಂದ ಪರಮಾಣುವಿನದ್ದಲ್ಲ. ಹಾಗಿದ್ದರೆ ಒಂದೇ 20ರ ಅಂತರ ಒಂದು ಕಡೆ ಐದು ಪಟ್ಟಾಗಿಯೂ ಇನ್ನೊಂದು ಕಡೆ 1600 ಪಟ್ಟಾಗಿಯೂ ಕಾಣಿಸಿಕೊಳ್ಳುವುದು ಹೇಗೆ? ಬಹುಪಾಲು ಪುಸ್ತಕಗಳು ತೃತೀಯಕ ರಾಡಿಕಲ್ ಹೆಚ್ಚು ಸ್ಥಿರ ಎಂದು ಹೇಳಿ ಮುಗಿಸುತ್ತವೆ. ಅದು ಒಲವಿನ ದಿಕ್ಕನ್ನು ಹೇಳುತ್ತದೆ, ಅಳತೆಯನ್ನು ಹೇಳುವುದಿಲ್ಲ.

ಉತ್ತರ ಇರುವುದು ಹೊರಟ ಜಾಗ ಮತ್ತು ತಲುಪಿದ ಜಾಗದ ನಡುವಿನ ದಾರಿಯಲ್ಲಿ. ಬಂಧವೊಂದು ಮುರಿದು ಇನ್ನೊಂದು ಕೂಡುವ ನಡುವೆ ಅಣುಗಳು ಶಕ್ತಿಯ ಒಂದು ಏರನ್ನು ದಾಟಬೇಕು. ಆ ಏರಿನ ನೆತ್ತಿಯ ಸ್ಥಿತಿಗೆ ಸಂಕ್ರಮಣ ಸ್ಥಿತಿ ಎಂದು ಹೆಸರು. ನೆತ್ತಿಯವರೆಗಿನ ಎತ್ತರವೇ ಸಕ್ರಿಯಣ ಶಕ್ತಿ. ಕ್ರಿಯೆಯ ವೇಗವನ್ನು ನಿರ್ಧರಿಸುವುದು ಈ ಎತ್ತರ, ತಲುಪುವ ಜಾಗದ ಎತ್ತರವಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ಜಾರ್ಜ್ ಹ್ಯಾಮಂಡ್ 1955ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ಒಂದಾದ ಮೇಲೊಂದು ಬರುವ ಎರಡು ಸ್ಥಿತಿಗಳು ಶಕ್ತಿಯಲ್ಲಿ ಹತ್ತಿರವಿದ್ದರೆ ರಚನೆಯಲ್ಲೂ ಹತ್ತಿರವಿರುತ್ತವೆ ಎಂಬುದು ಅದರ ತಿರುಳು. ಶಾಖ ಬಿಡುವ ಹೆಜ್ಜೆಯಲ್ಲಿ ನೆತ್ತಿ ಹೊರಟ ಪದಾರ್ಥಗಳಿಗೆ ಹತ್ತಿರ, ಶಾಖ ಹೀರುವ ಹೆಜ್ಜೆಯಲ್ಲಿ ಹುಟ್ಟಲಿರುವ ಪದಾರ್ಥಗಳಿಗೆ ಹತ್ತಿರ.

ಕರಾವಳಿಯಿಂದ ಘಟ್ಟ ಹತ್ತುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಎರಡು ಊರುಗಳಿವೆ, ಒಂದು ಇನ್ನೊಂದಕ್ಕಿಂತ ಎತ್ತರದಲ್ಲಿದೆ ಎಂದುಕೊಳ್ಳೋಣ. ಏರು ಮುಗಿಯುವುದು ಊರಿನ ಬಾಗಿಲಲ್ಲೇ ಆದರೆ ಎತ್ತರದ ಊರಿಗೆ ಹೋಗುವವರು ಆ ಹೆಚ್ಚಿನ ಎತ್ತರವನ್ನು ಪೂರ್ತಿ ಹತ್ತಲೇಬೇಕು. ಬ್ರೋಮಿನ್‌ನ ಸ್ಥಿತಿ ಇದು. ಕ್ಲೋರಿನ್‌ನ ದಾರಿ ಬೇರೆ. ಹೊರಟ ಕೂಡಲೇ ಒಂದು ಸಣ್ಣ ದಿಣ್ಣೆ, ಆಮೇಲೆ ಎರಡೂ ಊರುಗಳಿಗೆ ಇಳಿಜಾರು. ಊರುಗಳ ಎತ್ತರದಲ್ಲಿ ಎಷ್ಟೇ ಅಂತರವಿದ್ದರೂ ದಿಣ್ಣೆಯ ಬಳಿ ಅದು ಹೆಚ್ಚು ತಿಳಿಯುವುದಿಲ್ಲ.

ಅಣುವಿನ ಭಾಷೆಯಲ್ಲಿ ಹೇಳುವುದಾದರೆ, ಕ್ಲೋರಿನ್ ಪರಮಾಣು ಹತ್ತಿರ ಬಂದು ನೆತ್ತಿ ತಲುಪುವ ಹೊತ್ತಿಗೆ ಇಂಗಾಲ–ಹೈಡ್ರೋಜನ್ ಬಂಧ ಸ್ವಲ್ಪವೇ ಹಿಗ್ಗಿರುತ್ತದೆ. ಇಂಗಾಲದ ಮೇಲೆ ಇನ್ನೂ ರಾಡಿಕಲ್ ಗುಣ ಮೂಡಿಲ್ಲ. ರಾಡಿಕಲ್ ಆದಾಗ ನಡುವಿನ ಇಂಗಾಲಕ್ಕೆ ಸಿಗಲಿರುವ ಆಸರೆಯೂ ಇನ್ನೂ ಕೆಲಸಕ್ಕೆ ಬಂದಿಲ್ಲ. ಅಷ್ಟರಲ್ಲೇ ತೀರ್ಮಾನ ಆಗಿಹೋಗುತ್ತದೆ. ಬ್ರೋಮಿನ್ ನೆತ್ತಿ ತಲುಪುವ ಹೊತ್ತಿಗೆ ಆ ಬಂಧ ಬಹುಮಟ್ಟಿಗೆ ಮುರಿದಿರುತ್ತದೆ, ಹೈಡ್ರೋಜನ್ ಹೆಚ್ಚುಕಡಿಮೆ ಬ್ರೋಮಿನ್ ಕಡೆ ದಾಟಿರುತ್ತದೆ, ಇಂಗಾಲ ಮುಕ್ಕಾಲು ರಾಡಿಕಲ್ ಆಗಿರುತ್ತದೆ. ತುದಿಯ ರಾಡಿಕಲ್ಲೋ ನಡುವಿನ ರಾಡಿಕಲ್ಲೋ ಎಂಬ ಭೇದ ಅಲ್ಲಿ ಪೂರ್ತಿ ಬೆಲೆ ಕೇಳುತ್ತದೆ. 20ರ ಅಂತರ ಕ್ಲೋರಿನ್‌ನ ನೆತ್ತಿಯಲ್ಲಿ ಐದನೇ ಒಂದು ಪಾಲಾಗಿ ಕಾಣುತ್ತದೆ, ಬ್ರೋಮಿನ್‌ನ ನೆತ್ತಿಯಲ್ಲಿ ಬಹುತೇಕ ಇಡಿಯಾಗಿ ಕಾಣುತ್ತದೆ.

ಐದನೇ ಒಂದು ಪಾಲು ಎಂಬುದು ಬಾಯಿಮಾತಲ್ಲ. ಎತ್ತರದ ಅಂತರಕ್ಕೂ ವೇಗದ ಅನುಪಾತಕ್ಕೂ ಇರುವ ನಂಟು ಘಾತೀಯವಾದದ್ದು, ಅಂದರೆ ಅಂತರ ಕೂಡುತ್ತ ಹೋದರೆ ಅನುಪಾತ ಗುಣಿಸುತ್ತ ಹೋಗುತ್ತದೆ. 25 ಡಿಗ್ರಿಯಲ್ಲಿ 4 ಕಿಲೋಜೂಲ್ ಅಂತರ ಐದು ಪಟ್ಟಿನ ವೇಗವನ್ನು ಕೊಡುತ್ತದೆ. ಕ್ಲೋರಿನ್‌ನಲ್ಲಿ ಅಳೆದು ಸಿಕ್ಕಿದ್ದೂ ಅಷ್ಟೇ. ಇನ್ನು 127 ಡಿಗ್ರಿಯಲ್ಲಿ 20 ಕಿಲೋಜೂಲ್ ಅಂತರ ಪೂರ್ತಿ ಲೆಕ್ಕಕ್ಕೆ ಬಂದರೆ ಅನುಪಾತ ಸುಮಾರು 400 ಪಟ್ಟು. ಅಳತೆ ಹೇಳುವುದು 1600. ನಾಲ್ಕು ಪಟ್ಟಿನ ವ್ಯತ್ಯಾಸ ದೊಡ್ಡದೆಂದು ಕಾಣಬಹುದು, ಆದರೆ ಘಾತೀಯ ಲೆಕ್ಕದಲ್ಲಿ ಅದು 5 ಕಿಲೋಜೂಲ್‌ಗಿಂತ ಕಡಿಮೆ. ಬಂಧಶಕ್ತಿಯ ಅಂಕಿಗಳೇ ಪುಸ್ತಕದಿಂದ ಪುಸ್ತಕಕ್ಕೆ ಕೆಲವು ಕಿಲೋಜೂಲ್ ಆಚೀಚೆ ಇರುತ್ತವೆ. ಅದರ ಜೊತೆಗೆ ಬ್ರೋಮಿನ್ ನೆತ್ತಿಯಲ್ಲಿ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದು ಇಂಗಾಲದ ಮೇಲೆ ಒಂದಿಷ್ಟು ಧನ ವಿದ್ಯುದಂಶ ಬರುವಂತೆ ಮಾಡುತ್ತದೆ. ಅದನ್ನು ತಾಳಿಕೊಳ್ಳುವುದರಲ್ಲೂ ಮೂರು ನೆರೆಯವರಿರುವ ಇಂಗಾಲವೇ ಮೇಲು. ಹೀಗಾಗಿ ಸರಳ ಲೆಕ್ಕ ನೂರರ ಅಳತೆಯನ್ನು ಸರಿಯಾಗಿ ಮುಟ್ಟಿದರೆ ಅದೇ ದೊಡ್ಡದು.

ಬ್ರೋಮಿನ್‌ನ ಪ್ರಯೋಗ 127 ಡಿಗ್ರಿಯಲ್ಲಿ, ಕ್ಲೋರಿನ್‌ನದು 25 ಡಿಗ್ರಿಯಲ್ಲಿ ನಡೆದದ್ದರ ಬಗ್ಗೆ ಓದುಗರಿಗೆ ಅನುಮಾನ ಬಂದಿರಬಹುದು. ಬಿಸಿ ಹೆಚ್ಚಿದ್ದರಿಂದಲೇ ಬ್ರೋಮಿನ್ ಆಯ್ದುಕೊಂಡಿತೇ? ನಿಜ ಇದಕ್ಕೆ ವಿರುದ್ಧ. ಬಿಸಿ ಹೆಚ್ಚಾದಷ್ಟೂ ಎತ್ತರದ ಏರನ್ನು ದಾಟಬಲ್ಲ ಅಣುಗಳ ಪಾಲು ಹೆಚ್ಚುತ್ತದೆ, ಎರಡು ಏರುಗಳ ಭೇದ ಮಸುಕಾಗುತ್ತದೆ. ಕ್ಲೋರಿನ್‌ನ ಐದು ಪಟ್ಟಿನ ಒಲವೂ ತಾಪ ಏರಿದಂತೆ ಇಳಿಯುತ್ತ ಹೋಗುತ್ತದೆ. ಬ್ರೋಮಿನ್ ತನಗೆ ಅನುಕೂಲವಲ್ಲದ ಬಿಸಿಯಲ್ಲೂ 1600 ಪಟ್ಟು ಆಯ್ದು ತೋರಿಸಿತು. ಆ ಬಿಸಿ ಬೇಕಾದದ್ದು ಕ್ರಿಯೆ ಒಪ್ಪುವಂಥ ವೇಗದಲ್ಲಿ ನಡೆಯಲಿ ಎಂದು.

ಇದೇ ತರ್ಕವನ್ನು ಮೇಲೂ ಕೆಳಗೂ ಹಿಗ್ಗಿಸಬಹುದು. ಹೈಡ್ರೋಜನ್–ಫ್ಲೋರಿನ್ ಬಂಧದಿಂದ 569 ಕಿಲೋಜೂಲ್ ಬರುತ್ತದೆ. ಅಷ್ಟು ಲಾಭವಿರುವಲ್ಲಿ ಫ್ಲೋರಿನ್ ಹೆಚ್ಚುಕಡಿಮೆ ಎದುರು ಸಿಕ್ಕಿದ್ದನ್ನೆಲ್ಲ ಕೀಳುತ್ತದೆ, ಹತೋಟಿ ತಪ್ಪಿದರೆ ಸ್ಫೋಟ. ಹೈಡ್ರೋಜನ್–ಅಯೋಡಿನ್ ಬಂಧದಿಂದ ಬರುವುದು 298 ಮಾತ್ರ, ನಡುವಿನ ಹೈಡ್ರೋಜನ್ ಕೀಳಲೂ 100ರಷ್ಟು ಕೊರತೆ. ಹಾಗಾಗಿ ಅಯೋಡಿನ್‌ನ ಸರಪಳಿ ಸಾಗುವುದೇ ಇಲ್ಲ.

ಪ್ರಯೋಗಾಲಯದಲ್ಲಿ ಈ ಆಯ್ಕೆಯನ್ನು ಕಣ್ಣಾರೆ ನೋಡಲು ಅನುಕೂಲವಿದೆ, ಏಕೆಂದರೆ ಬ್ರೋಮಿನ್‌ಗೆ ಗಾಢ ಕಿತ್ತಳೆ–ಕಂದು ಬಣ್ಣವಿದೆ. ಅದು ಬಳಕೆಯಾದಂತೆ ಬಣ್ಣ ಮಾಯವಾಗುತ್ತದೆ. ಪದವಿ ತರಗತಿಗಳಿಗೆ ಒಪ್ಪುವ ಪ್ರಯೋಗದಲ್ಲಿ ಟಾಲೀನ್, ಈಥೈಲ್‌ಬೆಂಜೀನ್, ಕ್ಯೂಮೀನ್ ಮತ್ತು ಟರ್ಷಿಯರಿ ಬ್ಯೂಟೈಲ್‌ಬೆಂಜೀನ್ ಎಂಬ ನಾಲ್ಕು ದ್ರವಗಳನ್ನು ಬೇರೆಬೇರೆ ಪ್ರನಾಳಗಳಲ್ಲಿ ತೆಗೆದುಕೊಳ್ಳುತ್ತಾರೆ. ಎಲ್ಲದರಲ್ಲೂ ಒಂದು ಬೆಂಜೀನ್ ಉಂಗುರ, ಅದಕ್ಕೆ ತಗುಲಿದ ಒಂದು ಇಂಗಾಲ. ಆ ಇಂಗಾಲದ ಮೇಲಿನ ಹೈಡ್ರೋಜನ್ ಟಾಲೀನಿನಲ್ಲಿ ಪ್ರಾಥಮಿಕ, ಈಥೈಲ್‌ಬೆಂಜೀನಿನಲ್ಲಿ ದ್ವಿತೀಯಕ, ಕ್ಯೂಮೀನಿನಲ್ಲಿ ತೃತೀಯಕ. ಟರ್ಷಿಯರಿ ಬ್ಯೂಟೈಲ್‌ಬೆಂಜೀನಿನಲ್ಲಿ ಆ ಇಂಗಾಲದ ಮೇಲೆ ಹೈಡ್ರೋಜನ್ನೇ ಇಲ್ಲ. ಪ್ರತಿಯೊಂದಕ್ಕೂ ಒಂದೇ ಪ್ರಮಾಣದ ತಿಳಿ ಬ್ರೋಮಿನ್ ದ್ರಾವಣ ಹಾಕಿ ಬಲವಾದ ದೀಪದ ಮುಂದಿಟ್ಟರೆ ಮೊದಲು ಬಣ್ಣ ಕಳೆದುಕೊಳ್ಳುವುದು ಕ್ಯೂಮೀನ್. ಅದರಲ್ಲಿ ಬ್ರೋಮಿನ್‌ಗೆ ಬೇಕಾದ ಬಗೆಯ ಹೈಡ್ರೋಜನ್ ಇರುವುದು ಒಂದೇ, ಟಾಲೀನಿನಲ್ಲಿ ಮೂರು. ಆದರೂ ಕ್ಯೂಮೀನ್ ಮುಂದು. ಆಮೇಲೆ ಈಥೈಲ್‌ಬೆಂಜೀನ್, ಆಮೇಲೆ ಟಾಲೀನ್. ನಾಲ್ಕನೆಯದರಲ್ಲಿ ಒಂಬತ್ತು ಪ್ರಾಥಮಿಕ ಹೈಡ್ರೋಜನ್‌ಗಳಿದ್ದರೂ ಬಣ್ಣ ಬಹಳ ಹೊತ್ತು ಹಾಗೇ ನಿಲ್ಲುತ್ತದೆ.

ಬಣ್ಣ ಹೋಯಿತೆಂದ ಮಾತ್ರಕ್ಕೆ ಹೈಡ್ರೋಜನ್ ಕಿತ್ತೇ ಹೋಯಿತೆಂದು ತಿಳಿಯುವಂತಿಲ್ಲ. ದ್ರವದಲ್ಲಿ ಜೋಡಿಬಂಧವಿರುವ ಕಲ್ಮಶವಿದ್ದರೂ ಬ್ರೋಮಿನ್ ಅದಕ್ಕೆ ಸೇರಿಕೊಂಡು ಬಣ್ಣ ಕಳೆಯುತ್ತದೆ. ಪ್ರನಾಳದ ಬಾಯಿಗೆ ಒದ್ದೆ ನೀಲಿ ಲಿಟ್ಮಸ್ ಕಾಗದ ಹಿಡಿದು ಅದು ಕೆಂಪಾದರೆ ಹೈಡ್ರೋಜನ್ ಬ್ರೋಮೈಡ್ ಹೊರಬರುತ್ತಿದೆ ಎಂದು ಖಾತರಿ. ಕೀಳುವ ಕ್ರಿಯೆಯಲ್ಲಿ ಮಾತ್ರ ಅದು ಹುಟ್ಟುತ್ತದೆ. ಕತ್ತಲಲ್ಲಿ ಇಟ್ಟ ಇನ್ನೊಂದು ಪ್ರನಾಳದಲ್ಲಿ ಬಣ್ಣ ಹಾಗೇ ಉಳಿದರೆ ಬೆಳಕೇ ಕಾರಣ ಎಂದೂ ಗೊತ್ತಾಗುತ್ತದೆ. ಬ್ರೋಮಿನ್ ಚರ್ಮಕ್ಕೆ ತಾಗಿದರೆ ಆಳದ ಸುಟ್ಟಗಾಯವಾಗುತ್ತದೆ, ಅದರ ಆವಿ ಶ್ವಾಸಕೋಶಕ್ಕೆ ಅಪಾಯ. ಆದ್ದರಿಂದ ಇದನ್ನು ಹೊಗೆಗೂಡಿನ ಒಳಗೆ, ಕೈಗವಸು ಹಾಕಿಕೊಂಡು, ಚೆಲ್ಲಿದ್ದನ್ನು ತಟಸ್ಥಗೊಳಿಸಲು ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಬ್ರೋಮಿನ್‌ನ ಆಯ್ಕೆಗೂ ಮಿತಿಗಳಿವೆ. ಐಸೊಬ್ಯೂಟೇನಿಗೆ ಇನ್ನೊಂದು ಇಂಗಾಲ ಸೇರಿಸಿದ ಐಸೊಪೆಂಟೇನನ್ನು ತೆಗೆದುಕೊಂಡರೆ ಅದರಲ್ಲಿ ಒಂಬತ್ತು ಪ್ರಾಥಮಿಕ, ಎರಡು ದ್ವಿತೀಯಕ, ಒಂದು ತೃತೀಯಕ ಹೈಡ್ರೋಜನ್‌ಗಳಿವೆ. ಬ್ರೋಮಿನ್‌ಗೆ ದ್ವಿತೀಯಕದ ಮೇಲಿನ ಒಲವು ಪ್ರಾಥಮಿಕಕ್ಕಿಂತ ಸುಮಾರು 82 ಪಟ್ಟು. ಆಗ ಪಾಲುಗಳು ಒಂಬತ್ತು, 164 ಮತ್ತು 1600. ತೃತೀಯಕದ ಪದಾರ್ಥಕ್ಕೆ ಶೇ. 90 ಮಾತ್ರ ಸಿಗುತ್ತದೆ. ಕ್ಲೋರಿನ್‌ನಲ್ಲಿ ದ್ವಿತೀಯಕಕ್ಕೆ ಸುಮಾರು 3.8, ತೃತೀಯಕಕ್ಕೆ 5. ಪಾಲುಗಳು 9, 7.6 ಮತ್ತು 5, ತೃತೀಯಕಕ್ಕೆ ಶೇ. 23. ಉದ್ದನೆಯ ನೇರ ಪೆಂಟೇನಿನಲ್ಲಂತೂ ಬ್ರೋಮಿನ್ ತುದಿಯನ್ನು ಬಿಟ್ಟು ಒಳಕ್ಕೆ ಹೋಗುತ್ತದೆ ನಿಜ, ಆದರೆ ಒಳಗಿನ ಮೂರು ಇಂಗಾಲಗಳೂ ದ್ವಿತೀಯಕವೇ ಆದ್ದರಿಂದ ಅವುಗಳಲ್ಲಿ ಒಂದನ್ನೇ ಆರಿಸಲಾರದು. ಬಂಧಗಳಲ್ಲಿ ಭೇದವಿದ್ದರೆ ಬ್ರೋಮಿನ್ ಅದನ್ನು ದೊಡ್ಡದಾಗಿ ತೋರಿಸುತ್ತದೆ. ಇಲ್ಲದ ಭೇದವನ್ನು ಹುಟ್ಟಿಸುವುದಿಲ್ಲ.

ಇನ್ನೊಂದು ತೊಡಕು ಹೈಡ್ರೋಜನ್ ಬ್ರೋಮೈಡ್‌ನಿಂದ ಬರುತ್ತದೆ. ಬ್ರೋಮಿನ್‌ನ ಮೊದಲ ಹೆಜ್ಜೆ ಏರುದಾರಿಯಾದ್ದರಿಂದ ಹಿಂದಿರುಗುವ ದಾರಿ ಸುಲಭ. ಪಾತ್ರೆಯಲ್ಲಿ ಹೈಡ್ರೋಜನ್ ಬ್ರೋಮೈಡ್ ತುಂಬಿಕೊಂಡರೆ ಇಂಗಾಲದ ರಾಡಿಕಲ್ ಅದರಿಂದಲೇ ಹೈಡ್ರೋಜನ್ ಮರಳಿ ಪಡೆದು ಮೊದಲಿನಂತಾಗುತ್ತದೆ. ಕ್ರಿಯೆ ಕುಂಟುತ್ತದೆ, ಅನುಪಾತಗಳೂ ಕೆಡುತ್ತವೆ. ಕ್ಲೋರಿನ್‌ನ ಕಡೆಯ ತೊಡಕು ಬೇರೆ. ಒಂದು ಕ್ಲೋರಿನ್ ಕುಳಿತ ಅಣುವಿನ ಮೇಲೆ ಎರಡನೆಯದು, ಮೂರನೆಯದು ಕೂರುತ್ತ ಹೋಗುತ್ತದೆ. ಅದನ್ನು ತಪ್ಪಿಸಲು ಆಲ್ಕೇನನ್ನು ಬಹಳ ಹೆಚ್ಚಾಗಿ, ಕ್ಲೋರಿನ್ ಅನ್ನು ಕಡಿಮೆಯಾಗಿ ಬಳಸುತ್ತಾರೆ. ದ್ರಾವಕವನ್ನು ಬದಲಿಸಿ ಕ್ಲೋರಿನ್‌ನ ಆಯ್ಕೆಯನ್ನು ಸುಧಾರಿಸುವ ದಾರಿಯೂ ಇದೆ. ಬೆಂಜೀನಿನಲ್ಲಿ ಕರಗಿದ ಕ್ಲೋರಿನ್ ಪರಮಾಣು ಆ ಉಂಗುರಕ್ಕೆ ಸಡಿಲವಾಗಿ ಅಂಟಿಕೊಂಡು ತನ್ನ ಉಗ್ರತೆಯನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ, ಆಗ ತೃತೀಯಕದ ಮೇಲಿನ ಒಲವು ಹಲವು ಪಟ್ಟು ಹೆಚ್ಚುತ್ತದೆ. ಇದನ್ನು 1950ರ ದಶಕದಲ್ಲಿ ತೋರಿಸಿಕೊಟ್ಟವರೂ ಅದೇ ಗ್ಲೆನ್ ರಸೆಲ್. ಕ್ಲೋರಿನ್‌ನ ಲಾಭ ಇಳಿದರೆ ನೆತ್ತಿ ಮುಂದಕ್ಕೆ ಸರಿಯುತ್ತದೆ ಎಂಬ ವಿವರಣೆಗೆ ಇದು ಒಳ್ಳೆಯ ಬೆಂಬಲ.

ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಆಲ್ಕೇನ್‌ಗಳ ಹ್ಯಾಲೊಜನೀಕರಣದಿಂದ ಬೇರ್ಪಡಿಸಲು ಕಷ್ಟವಾದ ಮಿಶ್ರಣ ಬರುತ್ತದೆ ಎಂದು ಓದಿದ ವಿದ್ಯಾರ್ಥಿಗಳು, ಎಲ್ಲ ಕಡೆಯೂ ಬ್ರೋಮಿನ್ನೇ ಬಳಸಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಬೆಲೆಯಲ್ಲಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ ಇದ್ದರೆ ಬ್ರೋಮೈಡ್ ಸುಮಾರು 65 ಮಿಲಿಗ್ರಾಂ ಮಾತ್ರ. ಭಾರತದಲ್ಲಿ ಬ್ರೋಮಿನ್ ಬರುವುದು ಮುಖ್ಯವಾಗಿ ಗುಜರಾತಿನ ಕಛ್ ಭಾಗದಲ್ಲಿ, ಉಪ್ಪು ತೆಗೆದ ಮೇಲೆ ಉಳಿಯುವ ದಟ್ಟ ಕಹಿನೀರಿನಿಂದ. ಇಷ್ಟು ಕಷ್ಟಪಟ್ಟು ತೆಗೆದ ಬ್ರೋಮಿನ್‌ನ ಅರ್ಧ ಪಾಲು ಈ ಕ್ರಿಯೆಯಲ್ಲಿ ಹೈಡ್ರೋಜನ್ ಬ್ರೋಮೈಡ್ ಆಗಿ ಹೋಗುತ್ತದೆ. ಔಷಧಿಯೊಂದರ ಕೆಲವು ಗ್ರಾಂ ಮಧ್ಯಂತರ ಪದಾರ್ಥ ಬೇಕಾದವರು, ಒಂದೇ ಸ್ಥಾನದಲ್ಲಿ ಬದಲಾವಣೆ ಆಗಲೇಬೇಕಾದವರು ಬ್ರೋಮಿನ್ ಬಳಸುವುದು ಸರಿ. ಟನ್‌ಗಟ್ಟಲೆ ತಯಾರಿಸುವ ಕಾರ್ಖಾನೆಗಳು ಕ್ಲೋರಿನ್ ಹಿಡಿದು ಮಿಶ್ರಣವನ್ನು ಬಟ್ಟಿ ಇಳಿಸಿ ಬೇರ್ಪಡಿಸುವ ದಾರಿಯನ್ನೇ ಹಿಡಿದಿವೆ. ಅಣುವಿನಲ್ಲಿ ಒಂದು ಜಾಗದ ಬಂಧ ಉಳಿದವಕ್ಕಿಂತ ಬಹಳ ಸಡಿಲವಾಗಿದ್ದರೆ ಕ್ಲೋರಿನ್ನೇ ಸಾಕಾಗುತ್ತದೆ. ಟಾಲೀನಿನ ಪಕ್ಕದ ಇಂಗಾಲ ಅಂಥದ್ದು. ಬಣ್ಣ, ಸುಗಂಧ, ಔಷಧಿಗಳ ತಯಾರಿಕೆಗೆ ಬೇಕಾಗುವ ಬೆಂಜೈಲ್ ಕ್ಲೋರೈಡನ್ನು ಜಗತ್ತಿನ ಕಾರ್ಖಾನೆಗಳು ಇವತ್ತಿಗೂ ಬಿಸಿ ಟಾಲೀನಿಗೆ ಬೆಳಕಿನಲ್ಲಿ ಕ್ಲೋರಿನ್ ಹಾಯಿಸಿಯೇ ತಯಾರಿಸುತ್ತವೆ.